ಎರಡು ಮೈನಸ್ಸಿನ ಲೆಕ್ಕ

ಹಾಸ್ಟೆಲಿನಲ್ಲಿ ಅವಳನ್ನು ಟೀಚರಮ್ಮ ಎಂದು ಕರೆಯುತ್ತಿದ್ದರು. ಯಾರು ಇಟ್ಟ ಹೆಸರೋ ಗೊತ್ತಿಲ್ಲ, ಇಟ್ಟವರು ತಮಾಷೆಗೇ ಇಟ್ಟಿರಬೇಕು. ಆದರೆ ಅವಳು ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಯಾರಾದರೂ ಲೆಕ್ಕ ಹಿಡಿದು ಬಾಗಿಲಲ್ಲಿ ನಿಂತರೆ ಸಾಕು, ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, ‘ಬಾ, ಎಲ್ಲಿ ತಪ್ಪಿದೀಯಾ ನೋಡೋಣ’ ಎನ್ನುವಳು. ಬಂದವರು ತಪ್ಪಿಯೇ ಇರುತ್ತಾರೆ ಎನ್ನುವುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

ಅವಳ ಕೋಣೆಯ ಇನ್ನೊಂದು ಮಂಚ ದೊಡ್ಡಕ್ಕನದು. ದೊಡ್ಡಕ್ಕ ಯಾರಿಗೂ ಒಡಹುಟ್ಟಿದ ಅಕ್ಕನಲ್ಲ. ತನಗಿಂತ ಮೂರು ವರ್ಷ ಚಿಕ್ಕವರ ಜೊತೆ ಕೂತು ಗಣಿತದ ಅದೇ ಪೇಪರನ್ನು ಬರೆಯುತ್ತಲೇ ಇದ್ದುದರಿಂದ ಆ ಹೆಸರು ಬಂದಿತ್ತು. ಮೂರು ಸಲ ಬರೆದಿದ್ದಳು, ಮೂರು ಸಲವೂ ದಬ್ಬಾಕಿಕೊಂಡಿದ್ದಳು. ಉಳಿದೆಲ್ಲ ವಿಷಯ ಪಾಸಾಗಿ ವರ್ಷವಾಗಿತ್ತು. ರಾಸಾಯನಿಕ ತಂತ್ರಜ್ಞಾನದ ಡಿಪ್ಲೊಮಾಕ್ಕೆ ಉಳಿದದ್ದು ಇದೊಂದೇ ಪೇಪರು, ನಿಯಮದ ಪ್ರಕಾರ ಉಳಿದದ್ದು ಇದೊಂದೇ ಅವಕಾಶ. ಈ ಸಲವೂ ಹೋದರೆ ಹೆಸರು ಹೊಡೆದುಹಾಕುತ್ತಾರೆ, ಅಷ್ಟೂ ವರ್ಷದ ಓದು ನೀರುಪಾಲು.

ಪಾಸಾದರೆ ಕೆಲಸ ಕಾದಿತ್ತು. ಕಳೆದ ಸಲದ ಪರೀಕ್ಷೆ ಮುಗಿದ ಮೇಲೆ ಆರು ತಿಂಗಳು ಬಣ್ಣದ ಕಾರ್ಖಾನೆಯೊಂದರ ಮಿಕ್ಸಿಂಗ್ ವಿಭಾಗದಲ್ಲಿ ತರಬೇತಿಗೆ ಹೋಗಿದ್ದಳು. ಅಲ್ಲಿನ ಸೂಪರ್‌ವೈಸರು, ‘ಸರ್ಟಿಫಿಕೇಟ್ ತಗೊಂಡು ಬಾ ತಾಯಿ, ನಿನ್ನ ಜಾಗಕ್ಕೆ ಬೇರೆ ಯಾರನ್ನೂ ಕೂರಿಸಲ್ಲ’ ಎಂದಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ದೊಡ್ಡಕ್ಕನಿಗೆ ‘ನೀನೇ ಬೇಕು’ ಎಂದವರು ಅವರೊಬ್ಬರೇ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುತ್ತಿದ್ದ ಅವಳ ಅಮ್ಮ ಆ ಮಾತನ್ನು ಅಕ್ಕಪಕ್ಕದ ಮನೆಗಳಿಗೆಲ್ಲ ಹೇಳಿಕೊಂಡು ಬಂದಿದ್ದರಂತೆ.

ಪರೀಕ್ಷೆಯ ಹಿಂದಿನ ರಾತ್ರಿ. ಹನ್ನೊಂದಕ್ಕೆ ವಾರ್ಡನ್ ದೀಪ ಆರಿಸುತ್ತಾರೆ, ಆಗಲೇ ಹತ್ತು ದಾಟಿತ್ತು. ಇಬ್ಬರೂ ನೆಲದ ಮೇಲೆ, ಮಂಚಕ್ಕೆ ಬೆನ್ನು ಕೊಟ್ಟು ಕೂತಿದ್ದರು. ನಡುವೆ ಹಳೇ ಪ್ರಶ್ನೆಪತ್ರಿಕೆ, ಸುತ್ತ ಹರಿದ ಹಾಳೆಗಳು.

‘ಈ ಟ್ಯಾಂಕಿನ ಲೆಕ್ಕ ಪ್ರತಿವರ್ಷ ಬರುತ್ತೆ’ ಎಂದಳು ದೊಡ್ಡಕ್ಕ. ‘ಎಂಟು ಮಾರ್ಕ್ಸು. ಪ್ರತಿವರ್ಷ ನಾನು ಮುಳುಗೋದೂ ಇದೇ ಟ್ಯಾಂಕಲ್ಲೇ.’

‘ಓದು, ನೋಡೋಣ.’

‘ಟ್ಯಾಂಕಲ್ಲಿ ಇನ್ನೂರು ಲೀಟರ್ ನೀರು, ಅದರಲ್ಲಿ ಇಪ್ಪತ್ತು ಕೆಜಿ ಉಪ್ಪು ಕರಗಿದೆ. ನಿಮಿಷಕ್ಕೆ ಎರಡು ಲೀಟರ್ ಸಿಹಿನೀರು ಒಳಗೆ ಬರ್ತಿದೆ. ಚೆನ್ನಾಗಿ ಕಲಸಿದ ನೀರು ನಿಮಿಷಕ್ಕೆ ನಾಲ್ಕು ಲೀಟರ್ ಹೊರಗೆ ಹೋಗ್ತಿದೆ. ಇಷ್ಟು ನಿಮಿಷ ಆದ್ಮೇಲೆ ಉಪ್ಪು ಎಷ್ಟು ಉಳಿಯುತ್ತೆ?’

‘ಸರಿ, ಒಳಗೆ ಬರೋ ಉಪ್ಪು?’

‘ಸೊನ್ನೆ. ಸಿಹಿನೀರಲ್ವಾ.’

‘ಹೊರಗೆ ಹೋಗೋದು?’

ದೊಡ್ಡಕ್ಕ ಬೆರಳು ಮಡಚಿದಳು. ‘ಎರಡು ಬರುತ್ತೆ, ನಾಲ್ಕು ಹೋಗುತ್ತೆ. ಅಂದ್ರೆ ನಿಮಿಷಕ್ಕೆ ಎರಡೆರಡು ಲೀಟರ್ ನೀರೇ ಕಮ್ಮಿ ಆಗುತ್ತೆ. ಟಿ ನಿಮಿಷ ಆದ್ಮೇಲೆ ಟ್ಯಾಂಕಲ್ಲಿ ಇರೋದು ಇನ್ನೂರು ಮೈನಸ್ ಎರಡು ಟಿ. ಉಪ್ಪು ಕ್ಯೂ ಅಂದ್ರೆ, ಲೀಟರಿಗೆ ಕ್ಯೂ ಭಾಗಿಸು ಇನ್ನೂರು ಮೈನಸ್ ಎರಡು ಟಿ. ನಾಲ್ಕು ಲೀಟರಿಗೆ ಅದರ ನಾಲ್ಕರಷ್ಟು. ಎರಡರಿಂದ ಹೊಡೆದ್ರೆ, ಎರಡು ಕ್ಯೂ ಭಾಗಿಸು ನೂರು ಮೈನಸ್ ಟಿ. ಹೋಗ್ತಿರೋದ್ರಿಂದ ಮುಂದೆ ಒಂದು ಮೈನಸ್.’

‘ಭೇಷ್! ಇಲ್ಲೀವರೆಗೆ ಒಂದು ಅಕ್ಷರ ತಪ್ಪಿಲ್ಲ. ಇನ್ನು ಕ್ಯೂನ ಎಡಗಡೆಗೆ ತಗೊಂಡು ಹೋಗಿ ಇಂಟಿಗ್ರೇಟ್ ಮಾಡು. ಎಡಗಡೆ ಲಾಗ್ ಕ್ಯೂ. ಬಲಗಡೆ ಮೈನಸ್ ಎರಡು, ಲಾಗ್ ನೂರು ಮೈನಸ್ ಟಿ. ಮುಗೀತು. ನೂರು ಮೈನಸ್ ಟಿ ತಲೆ ಮೇಲೆ ಮೈನಸ್ ಎರಡು ಪವರ್.’

ದೊಡ್ಡಕ್ಕ ಬರೆಯಲಿಲ್ಲ. ಪೆನ್ನು ಹಾಳೆಯ ಮೇಲೇ ನಿಂತಿತ್ತು.

‘ಏನೇ?’

‘ಅಲ್ಲಾ, ಲಾಗ್ ಒಳಗೂ ಒಂದು ಮೈನಸ್ ಟಿ ಇದೆಯಲ್ಲ. ಅದನ್ನ ಇಂಟಿಗ್ರೇಟ್ ಮಾಡೋವಾಗ ಇನ್ನೊಂದು ಮೈನಸ್ ಹೊರಗೆ ಬರಲ್ವಾ? ಹೊರಗಿಂದು ಒಂದು, ಒಳಗಿಂದು ಒಂದು. ಎರಡೂ ಸೇರಿದ್ರೆ ಪ್ಲಸ್ ಆಗ್ಬೇಕಲ್ವಾ?’

ದೊಡ್ಡಕ್ಕ ಹೇಳಿದ್ದು ಸರಿಯಾಗಿತ್ತು. ಮೂರು ಸಲ ನಪಾಸಾದವಳು ಅವತ್ತು ರಾತ್ರಿ ಹತ್ತೂವರೆಗೆ ಅಪ್ಪಟ ಸರಿಯಾದ ಮಾತು ಹೇಳಿದ್ದಳು. ಆದರೆ ಟೀಚರಮ್ಮನಿಗೆ ಅದು ಕೇಳಿಸಲೇ ಇಲ್ಲ. ಅವಳ ಕಿವಿಗೆ ಬಿದ್ದದ್ದು ‘ಪ್ಲಸ್’ ಎನ್ನುವುದೊಂದೇ.

‘ಪ್ಲಸ್ಸಾ?’ ಎಂದು ನಕ್ಕಳು. ‘ಉಪ್ಪು ಹೊರಗೆ ಹೋಗ್ತಿದೆಯೋ ಒಳಗೆ ಬರ್ತಿದೆಯೋ?’

‘ಹೊರಗೆ.’

‘ಕಮ್ಮಿ ಆಗ್ತಿದೆಯೋ ಜಾಸ್ತಿ ಆಗ್ತಿದೆಯೋ?’

‘ಕಮ್ಮೀನೇ. ನಾನು ಪ್ಲಾಂಟಲ್ಲಿ ಎಷ್ಟು ಟ್ಯಾಂಕ್ ತೊಳೆದಿದೀನಿ, ನನಗೆ ಗೊತ್ತಿಲ್ವಾ? ಮೇಲಿಂದ ನೀರು ಬಿಡ್ತಾ, ಕೆಳಗೆ ವಾಲ್ವ್ ಅದಕ್ಕಿಂತ ಜೋರಾಗಿ ತೆಗೆದ್ರೆ ಬಣ್ಣ ಬೇಗ ಬೇಗ ತೆಳ್ಳಗಾಗುತ್ತೆ.’

‘ಅದನ್ನೇ ನಾನು ಹೇಳ್ತಿರೋದು ಮಹಾತಾಯಿ! ಕಮ್ಮಿ ಆಗೋದಕ್ಕೆ ಮೈನಸ್ ಪವರ್ರೇ ಬೇಕು. ಎಲ್ಲಾ ಲೆಕ್ಕದಲ್ಲೂ ಹಾಗೇ ಅಲ್ವಾ, ಇ ತಲೆ ಮೇಲೆ ಮೈನಸ್ ಟಿ. ಪ್ಲಸ್ ಹಾಕಿದ್ರೆ ನಿನ್ನ ಟ್ಯಾಂಕಲ್ಲಿ ಉಪ್ಪು ಹುಟ್ಟುತ್ತೆ.’

‘ಆದ್ರೆ ನೂರು ಮೈನಸ್ ಟಿ ಅನ್ನೋದೇ ಕಮ್ಮಿ ಆಗ್ತಾ ಹೋಗುತ್ತಲ್ಲಾ…’

‘ಮತ್ತೆ ಶುರುವಾಯ್ತು.’

‘ಒಂದ್ಸಲ ಹಿಂದಕ್ಕೆ ಹೋಗಿ ನೋಡೋಣ ಕಣೇ. ಉತ್ತರಾನ ಡಿಫರೆನ್ಷಿಯೇಟ್ ಮಾಡಿದ್ರೆ ಮೊದಲಿನದು ಬರ್ಬೇಕಲ್ವಾ? ಎರಡೇ ನಿಮಿಷ.’

ಎರಡು ನಿಮಿಷ ಕೊಟ್ಟಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಟೀಚರಮ್ಮನಿಗೆ ಇನ್ನೂ ಎರಡು ಅಧ್ಯಾಯ ಬಾಕಿ ಇತ್ತು. ಅದಕ್ಕಿಂತ ಹೆಚ್ಚಾಗಿ, ತಾನು ಹೇಳಿದ ಮೇಲೂ ಪರೀಕ್ಷಿಸಿ ನೋಡಬೇಕು ಎನ್ನುವುದು ಅವಳಿಗೆ ಹಿಡಿಸಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ಮೊಲವನ್ನು ಮಗುಚಿ ಎಣಿಸೋಣ ಎಂದರೆ ಸಿಟ್ಟು ಬರುವುದು ಸಹಜ.

‘ನೋಡು ದೊಡ್ಡಕ್ಕ’ ಎಂದಳು, ಪೆನ್ನಿನ ಮುಚ್ಚಳ ಹಾಕುತ್ತ. ‘ಮೂರು ಸಲ ಫೇಲಾದೋಳು ನೀನು. ತೊಂಬತ್ತರ ಕೆಳಗೆ ಇಳಿಯದೋಳು ನಾನು. ಯಾರ ಮಾತು ಯಾರು ಕೇಳ್ಬೇಕು, ನೀನೇ ಹೇಳು.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೊಡ್ಡಕ್ಕನ ಮುಖ ಒಂದು ಕ್ಷಣ ಸಣ್ಣಗಾಯಿತು. ಆಮೇಲೆ ಅವಳೇ ನಕ್ಕಳು, ತಲೆ ಮೇಲೆ ತಾನೇ ಒಂದು ಮೊಟಕಿಕೊಂಡಳು.

‘ಅದೂ ನಿಜಾನೇ ಬಿಡು. ನನ್ನ ಬುದ್ಧಿ ನೆಚ್ಚಿಕೊಂಡೇ ಮೂರು ವರ್ಷ ಹಾಳಾಯ್ತು’ ಎನ್ನುತ್ತ ಹಾಳೆಯ ಮೇಲೆ ಮೈನಸ್ ಎರಡು ಎಂದು ಬರೆದಳು. ಕೆಳಗೆ ಗೆರೆ ಎಳೆದಳು. ಆಮೇಲೆ ಅದನ್ನೇ ಹತ್ತು ಸಲ ಬರೆದು ಬಾಯಿಪಾಠ ಮಾಡಿದಳು. ಹನ್ನೊಂದಕ್ಕೆ ದೀಪ ಹೋಯಿತು.

ದೊಡ್ಡಕ್ಕನಿಗೆ ದಿಂಬಿಗೆ ತಲೆ ಕೊಟ್ಟರೆ ನಿದ್ದೆ. ಟೀಚರಮ್ಮನದು ಹಾಗಲ್ಲ, ಪರೀಕ್ಷೆಯ ಹಿಂದಿನ ರಾತ್ರಿ ಕತ್ತಲಲ್ಲಿ ಮಲಗಿ ಒಂದೊಂದೇ ಲೆಕ್ಕವನ್ನು ಮನಸ್ಸಿನಲ್ಲೇ ಮಾಡುವುದು ಅವಳ ರೂಢಿ. ಟ್ಯಾಂಕಿನ ಸರದಿ ಬಂದಾಗ ಎರಡು ಗಂಟೆ ಇರಬಹುದು. ಸುಮ್ಮನೆ, ಲೆಕ್ಕ ಸಲೀಸಾಗಲಿ ಎಂದು, ಐವತ್ತು ನಿಮಿಷ ಹಾಕಿ ನೋಡಿದಳು. ಐವತ್ತು ನಿಮಿಷಕ್ಕೆ ನೀರು ಅರ್ಧವಾಗಿರುತ್ತದೆ. ಅರ್ಧದ ತಲೆ ಮೇಲೆ ಮೈನಸ್ ಎರಡು ಎಂದರೆ ನಾಲ್ಕು. ನಾಲ್ಕು ಇಪ್ಪತ್ತಲ ಎಂಬತ್ತು.

ಎಂಬತ್ತು ಕೆಜಿ ಉಪ್ಪು! ಇದ್ದದ್ದು ಇಪ್ಪತ್ತು, ಬಂದದ್ದು ಬರೀ ಸಿಹಿನೀರು, ಆದದ್ದು ಎಂಬತ್ತು. ಉಪ್ಪು ಹುಟ್ಟಿದ್ದು ಅವಳ ಟ್ಯಾಂಕಿನಲ್ಲೇ.

ಎದ್ದು ಕೂತಳು. ಪ್ಲಸ್ ಎರಡು ಹಾಕಿ ನೋಡಿದಳು, ಅರ್ಧದ ವರ್ಗ ಕಾಲು, ಇಪ್ಪತ್ತರಲ್ಲಿ ಕಾಲು ಐದು ಕೆಜಿ. ನೆಟ್ಟಗೆ ಕೂತಿತು. ದೊಡ್ಡಕ್ಕ ಕೇಳಿದಂತೆ ಹಿಂದಕ್ಕೆ ಹೋಗಿಯೂ ನೋಡಿದಳು. ಲಾಗ್ ಒಳಗಿನ ಮೈನಸ್ ತಾನಾಗಿ ಹೊರಗೆ ಬಂತು, ಎಲ್ಲ ಸರಿಹೋಯಿತು. ಎರಡು ನಿಮಿಷ ಕೂಡ ಹಿಡಿಯಲಿಲ್ಲ.

ದೊಡ್ಡಕ್ಕನ ಮಂಚ ಕೈಚಾಚಿದರೆ ಸಿಗುವಷ್ಟು ಹತ್ತಿರ. ‘ದೊಡ್ಡಕ್ಕ’ ಎಂದು ಮೆಲ್ಲಗೆ ಕರೆದಳು.

‘ಹ್ಞೂಂ?’ ದೊಡ್ಡಕ್ಕ ನಿದ್ದೆಗಣ್ಣಲ್ಲೇ ಹೊರಳಿದಳು. ‘ಏನೇ?’

ಹೇಳಬೇಕಾಗಿದ್ದದ್ದು ನಾಲ್ಕೇ ಪದ. ನೀನು ಹೇಳಿದ್ದೇ ಸರಿ ಕಣೇ. ಅದನ್ನು ಹೇಳಿದರೆ ಹಿಂದೆಯೇ ಇನ್ನೊಂದನ್ನೂ ಹೇಳಬೇಕು, ಮೂರು ಸಲ ಫೇಲಾದೋಳು ಎಂದದ್ದನ್ನು ವಾಪಸು ತಗೊಳ್ಳಬೇಕು. ನಾಚಿಕೆಯಾಯಿತು ಟೀಚರಮ್ಮನಿಗೆ, ನಿಜವಾಗಿ ನಾಚಿಕೆಯಾಯಿತು. ಆ ನಾಚಿಕೆಯೇ ಬಾಯಿ ಕಟ್ಟಿತು.

‘ಏನಿಲ್ಲ, ಮಲಗು.’

‘ನೀನೂ ಮಲಗೇ. ಬೆಳಿಗ್ಗೆ ತಲೆ ನೋಯುತ್ತೆ’ ಎಂದು ದೊಡ್ಡಕ್ಕ ಮಗ್ಗುಲಾದಳು.

ಬೆಳಿಗ್ಗೆ ಹೇಳಿದರಾಯಿತು ಎಂದು ಟೀಚರಮ್ಮ ತನಗೇ ಸಮಾಧಾನ ಹೇಳಿಕೊಂಡಳು. ಪಾಪ, ನಿದ್ದೆ ಕೆಡಿಸುವುದೇಕೆ ಎಂದೂ ಅಂದುಕೊಂಡಳು. ತಪ್ಪು ಮಾಡಿದವರಿಗೆ ಇನ್ನೊಬ್ಬರ ನಿದ್ದೆಯ ಮೇಲೆ ಎಲ್ಲಿಲ್ಲದ ಕಾಳಜಿ ಬರುತ್ತದೆ.

ಬೆಳಿಗ್ಗೆ ಊಟದ ಮನೆಯಲ್ಲಿ ಟೀಚರಮ್ಮ ತಿಂಡಿಯ ತಟ್ಟೆ ಹಿಡಿದು ಬರುವಷ್ಟರಲ್ಲಿ ದೊಡ್ಡಕ್ಕನ ಸುತ್ತ ಐದಾರು ಜನ ಕಿರಿಯರು ಕೂತಿದ್ದರು. ದೊಡ್ಡಕ್ಕ ಬಾಯ್ತುಂಬ ಹೇಳುತ್ತಿದ್ದಳು.

‘ರಾತ್ರಿ ಟ್ಯಾಂಕಿನ ಲೆಕ್ಕದಲ್ಲಿ ನಾನು ಹಠ ಹಿಡಿದುಬಿಟ್ಟಿದ್ದೆ ಕಣ್ರೇ. ಎರಡು ಮೈನಸ್ ಇದೆ, ಪ್ಲಸ್ ಆಗುತ್ತೆ ಅಂತ. ಇವಳು ಒಂದೇ ಮಾತಲ್ಲಿ ಬಿಡಿಸಿ ಹೇಳಿದ್ಲು, ಉಪ್ಪು ಕಮ್ಮಿ ಆಗ್ಬೇಕಂದ್ರೆ ಮೈನಸ್ಸೇ ಬೇಕು ಪೆದ್ದಿ ಅಂತ. ಇವಳು ಇಲ್ದಿದ್ರೆ ಇವತ್ತೂ ನನ್ನ ಕಥೆ ಗೋವಿಂದ! ಬಾರೇ ಟೀಚರಮ್ಮ, ಕೂತ್ಕೋ.’

ಆರು ಜೊತೆ ಕಣ್ಣು ಟೀಚರಮ್ಮನ ಕಡೆ ತಿರುಗಿದವು. ಎಲ್ಲರಿಗೂ ಅವಳು ಲೆಕ್ಕ ಹೇಳಿಕೊಟ್ಟವಳೇ. ಈಗ ಹೇಗೆ ಬಾಯಿ ಬಿಡುವುದು? ಅವಳು ತಟ್ಟೆ ನೋಡುತ್ತ ಗಬಗಬ ತಿಂದಳು. ಆಮೇಲೆ ಪರೀಕ್ಷಾ ಕಟ್ಟಡಕ್ಕೆ ನಡೆದುಹೋಗುವ ದಾರಿಯಲ್ಲಿ ಇಬ್ಬರೇ ಇದ್ದರು, ಹತ್ತು ನಿಮಿಷದ ದಾರಿ. ಅಲ್ಲಾದರೂ ಹೇಳಬಹುದಿತ್ತು. ಈ ಸಲ ಆ ಲೆಕ್ಕ ಬರದೇ ಇದ್ದರೂ ಇರಬಹುದು, ಸುಮ್ಮನೆ ಕೊನೇ ಗಳಿಗೆಯಲ್ಲಿ ಅವಳ ತಲೆ ಕೆಡಿಸುವುದು ಬೇಡ ಎನ್ನಿಸಿತು. ಪ್ರತಿವರ್ಷ ಬರುವ ಲೆಕ್ಕ ಈ ವರ್ಷ ಬರಲಿಕ್ಕಿಲ್ಲ ಎಂದು ನಂಬುವಷ್ಟು ದಡ್ಡಿಯೇನಲ್ಲ ಅವಳು. ನಂಬಿದಳು, ಅಷ್ಟೆ. ಬಾಗಿಲಲ್ಲಿ ದೊಡ್ಡಕ್ಕ ಅವಳ ಕೈ ಗಟ್ಟಿಯಾಗಿ ಹಿಡಿದು, ‘ಹೆದರಿಕೆ ಆಗ್ತಿದೆ ಕಣೇ’ ಎಂದಳು. ‘ಏನೂ ಆಗಲ್ಲ ಹೋಗು’ ಎಂದಳು ಟೀಚರಮ್ಮ. ಗಂಟೆ ಹೊಡೆಯಿತು.

ಆರನೇ ಪ್ರಶ್ನೆಯೇ ಟ್ಯಾಂಕು. ಅಂಕಿಗಳು ಮಾತ್ರ ಬೇರೆ. ನಾನೂರು ಲೀಟರ್ ನೀರು, ಮೂವತ್ತಾರು ಕೆಜಿ ಉಪ್ಪು, ಬರುವುದು ನಾಲ್ಕು, ಹೋಗುವುದು ಎಂಟು. ಉಪ್ಪು ಒಂಬತ್ತು ಕೆಜಿಗೆ ಇಳಿಯಲು ಎಷ್ಟು ನಿಮಿಷ ಬೇಕು? ಭಾಗಿಸಿದರೆ ಮತ್ತೆ ಅದೇ ನೂರು ಮೈನಸ್ ಟಿ, ಅದೇ ಎರಡು. ಟೀಚರಮ್ಮನ ಪೆನ್ನು ಪ್ಲಸ್ ಹಾಕಿ ಸರಸರ ಇಳಿಯಿತು. ಐವತ್ತು ನಿಮಿಷ. ಸುತ್ತ ಚೌಕ ಹಾಕಿದಳು.

ತಲೆ ಎತ್ತಿದರೆ ಎರಡು ಸಾಲು ಮುಂದೆ ದೊಡ್ಡಕ್ಕನ ಬೆನ್ನು. ಅವಳು ಬರೆಯುತ್ತಿದ್ದಳು, ಹೊಡೆದುಹಾಕುತ್ತಿದ್ದಳು, ಮತ್ತೆ ಬರೆಯುತ್ತಿದ್ದಳು. ಗೋಡೆಯ ಗಡಿಯಾರ ನೋಡುವಳು, ಕ್ಯಾಲ್ಕುಲೇಟರ್ ಕುಟ್ಟುವಳು, ಹಣೆಗೆ ಕೈ ಒತ್ತಿಕೊಳ್ಳುವಳು. ಅರ್ಧ ಗಂಟೆಯ ಮೇಲಾದರೂ ಅದೇ ಪುಟದಲ್ಲಿದ್ದಳು. ಟೀಚರಮ್ಮ ತಲೆ ತಗ್ಗಿಸಿ ಮುಂದಿನ ಪ್ರಶ್ನೆಗೆ ಹೋದಳು. ಅಕ್ಷರ ಒಂದೂ ಕೆಡಲಿಲ್ಲ.

ಹೊರಗೆ ಬಂದಾಗ ದೊಡ್ಡಕ್ಕನ ಕಣ್ಣು ಕೆಂಪಗಿದ್ದವು.

‘ಟೈಮು ಮೈನಸ್ ನೂರು ನಿಮಿಷ ಬಂತು ಕಣೇ! ನೀರು ಬಿಡೋದಕ್ಕೆ ನೂರು ನಿಮಿಷ ಮುಂಚೆ ಅಂತೆ! ಎಲ್ಲೋ ಕೂಡೋದು ಕಳೆಯೋದು ತಪ್ಪಿದೆ. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಅದೇ. ಆ ಹಾಳು ಟ್ಯಾಂಕು ನಲವತ್ತು ನಿಮಿಷ ನುಂಗಿಬಿಡ್ತು. ಕೊನೇ ಪ್ರಶ್ನೆ ಗೊತ್ತಿತ್ತು, ಮುಟ್ಟೋಕೂ ಆಗಲಿಲ್ಲ. ನಿನಗೆ ಎಷ್ಟು ಬಂತು?’

‘ನೆನಪಿಲ್ಲ. ಮುಗಿದದ್ದು ಮುಗೀತು, ಪೇಪರ್ ವಿಷಯ ಮಾತಾಡ್ಬಾರ್ದು’ ಎಂದಳು ಟೀಚರಮ್ಮ. ಸ್ವಲ್ಪ ರೇಗಿಯೇ ಅಂದಳು.

ಐದು ವಾರಕ್ಕೆ ಫಲಿತಾಂಶ ಬಂತು. ನೋಟಿಸ್ ಬೋರ್ಡಿನಲ್ಲಿ ಟೀಚರಮ್ಮನ ಸಂಖ್ಯೆಯ ಮುಂದೆ ತೊಂಬತ್ತೆಂಟು. ದೊಡ್ಡಕ್ಕನ ಸಂಖ್ಯೆಯ ಮುಂದೆ ಮೂವತ್ತಾರು. ಪಾಸಾಗಲು ನಲವತ್ತು ಬೇಕು.

ದೊಡ್ಡಕ್ಕ ಅಳಲಿಲ್ಲ. ಅಮ್ಮನಿಗೆ ಫೋನು ಮಾಡಿ ಬಂದಳು, ಕಾರ್ಖಾನೆಗೂ ಮಾಡಿದಳು. ಸೂಪರ್‌ವೈಸರು ತುಂಬ ಬೇಜಾರು ಮಾಡಿಕೊಂಡರಂತೆ. ಆಮೇಲೆ, ಸರ್ಟಿಫಿಕೇಟ್ ಇಲ್ಲದೆ ತಮ್ಮ ಕೈಲಿ ಏನೂ ಇಲ್ಲಮ್ಮ ಎಂದರಂತೆ. ಉತ್ತರಪತ್ರಿಕೆಯ ನಕಲು ಕೇಳಿ ಅರ್ಜಿ ಹಾಕಿದಳು, ಎಲ್ಲಾದರೂ ನಾಲ್ಕು ಮಾರ್ಕ್ಸು ಕೂಡುವುದು ಬಿಟ್ಟುಹೋಗಿದ್ದರೆ ಎಂಬ ಆಸೆ. ನಕಲು ಬಂದದ್ದು ಎರಡು ವಾರಕ್ಕೆ, ಅವಳು ಕೋಣೆ ಖಾಲಿ ಮಾಡಬೇಕಾದ ದಿನ. ಕೂಡುವುದು ಎಲ್ಲೂ ಬಿಟ್ಟುಹೋಗಿರಲಿಲ್ಲ.

ಟೀಚರಮ್ಮ ಕೋಣೆಗೆ ಬಂದಾಗ ದೊಡ್ಡಕ್ಕ ಬರೀ ಮಂಚದ ಮೇಲೆ ಕೂತು ಹಾಳೆಗಳನ್ನು ತೊಡೆಯ ಮೇಲೆ ಹರಡಿಕೊಂಡಿದ್ದಳು. ಹಾಸಿಗೆ ಸುತ್ತಿ ಕಟ್ಟಿಯಾಗಿತ್ತು.

‘ಬಾ ಇಲ್ಲಿ. ಇದು ನೋಡು’ ಎಂದಳು.

ಆರನೇ ಪ್ರಶ್ನೆಯ ಪುಟ. ಮೇಲೆ ಅವಳ ದುಂಡು ಅಕ್ಷರದಲ್ಲಿ ಲಾಗ್‌ನ ಮುಂದೆ ಪ್ಲಸ್ ಎರಡು ಇತ್ತು. ಅದರ ಮೇಲೆ ಗೆರೆ ಎಳೆದು, ಕೆಳಗೆ ಮೈನಸ್ ಎರಡು. ಅಲ್ಲಿಂದ ಕೆಳಗೆ ಬರೀ ಚಿತ್ತುಕಾಟು. ಪರೀಕ್ಷಕರು ಕೆಂಪು ಶಾಯಿಯಲ್ಲಿ ಮೈನಸ್ಸಿಗೆ ಸುತ್ತು ಹಾಕಿ, ಎಂಟಕ್ಕೆ ಮೂರು ಕೊಟ್ಟಿದ್ದರು.

‘ನನ್ನ ಕೈ ತಾನಾಗಿ ಸರಿ ಬರೆದಿತ್ತು’ ಎಂದಳು ದೊಡ್ಡಕ್ಕ. ‘ಆಮೇಲೆ ನಿನ್ನ ಮಾತು ನೆನಪಾಯ್ತು, ಹೊಡೆದುಹಾಕಿದೆ.’

ಟೀಚರಮ್ಮ ಹಾಸಿಗೆ ಕಟ್ಟಿದ ಹಗ್ಗವನ್ನು ಸರಿಮಾಡತೊಡಗಿದಳು.

‘ನೀನು ಏನು ಬರೆದೆ?’

‘ನಾನೂ…’ ಎಂದಳು ಟೀಚರಮ್ಮ. ‘ನಾನೂ ಅದನ್ನೇ…’

‘ಬೇಡ ಕಣೇ. ತೊಂಬತ್ತೆಂಟು ಬಂದಿದೆ ನಿನಗೆ. ಇದು ತಪ್ಪಾಗಿದ್ರೆ ಐದಾದ್ರೂ ಹೋಗ್ಬೇಕಿತ್ತು. ಅಷ್ಟು ಕಳೆಯೋದು ನನಗೂ ಬರುತ್ತೆ.’ ದೊಡ್ಡಕ್ಕನ ದನಿ ಜೋರಾಗಿರಲಿಲ್ಲ. ‘ಯಾವಾಗ ಗೊತ್ತಾಯ್ತು ನಿನಗೆ?’

ಕಿಟಕಿಯ ಹೊರಗೆ ಯಾರೋ ಯಾರನ್ನೋ ಕೂಗುತ್ತಿದ್ದರು. ರಾತ್ರಿ ಎರಡು ಗಂಟೆಗೆ, ನೀನು ಏನೇ ಎಂದು ಕೇಳಿದಾಗ, ಎನ್ನುವುದು ಟೀಚರಮ್ಮನ ನಾಲಿಗೆಯ ತುದಿಯವರೆಗೂ ಬಂದಿತ್ತು.

‘ಪರೀಕ್ಷೆ ಹಾಲಲ್ಲಿ’ ಎಂದಳು. ‘ಬರೀತಾ ಬರೀತಾ ಗೊತ್ತಾಯ್ತು.’

ದೊಡ್ಡಕ್ಕ ಅವಳ ಮುಖವನ್ನೇ ನೋಡಿದಳು. ಆಮೇಲೆ ಅವಳ ಭುಜ ಸಡಿಲವಾಯಿತು, ಎರಡು ವಾರದಿಂದ ತಡೆದಿದ್ದ ಅಳು ಆಗ ಬಂತು.

‘ಹಾಲಲ್ಲಾ? ಹಾಗಾದ್ರೆ ಸರಿ ಬಿಡು. ಹಾಲಲ್ಲಿ ನೀನಾದ್ರೂ ಹೇಗೆ ಹೇಳ್ತಿದ್ದೆ’ ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ‘ಮೊದಲೇ ಗೊತ್ತಿದ್ದೂ ಸುಮ್ಮನಿದ್ಯೇನೋ ಅಂತ ಬೆಳಿಗ್ಗೆಯಿಂದ ಏನೇನೋ ಕೆಟ್ಟದು ಯೋಚನೆ ಮಾಡಿಬಿಟ್ಟೆ. ನನ್ನ ಬುದ್ಧಿಗಿಷ್ಟು! ಕ್ಷಮಿಸೇ, ನಿನ್ನ ಮೇಲೆ ಅನುಮಾನ ಪಟ್ಟೆ.’

‘ಪರವಾಗಿಲ್ಲ ಬಿಡು’ ಎಂದಳು ಟೀಚರಮ್ಮ.